ನೋಡುಗ ಎತ್ತ ತಿರುಗಿದರೂ ಕಥೆ ಸಿಗಬೇಕು: ವಿಆರ್ ವಿಡಿಯೊಗೆ ಸ್ಕ್ರಿಪ್ಟ್ ತಿದ್ದಿ ಬರೆಯುವ ಕ್ರಮ

ಮಡಿಕೇರಿ, ವಿರಾಜಪೇಟೆ ಕಡೆಯ ಹುಡುಗ ಹುಡುಗಿಯರು ಬರೆದು ಕಳಿಸುವ ವಿಆರ್ ಸ್ಕ್ರಿಪ್ಟುಗಳಲ್ಲಿ, ಅಂದರೆ ಹೆಡ್‌ಸೆಟ್ ಹಾಕಿ ಸುತ್ತಲೂ ತಿರುಗಿ ನೋಡುವ ವಿಡಿಯೊದ ಸ್ಕ್ರಿಪ್ಟುಗಳಲ್ಲಿ, ಮತ್ತೆ ಮತ್ತೆ ಒಂದೇ ತೊಂದರೆ ಕಾಣುತ್ತಿದೆ. ಮಾಮೂಲಿ ಕಿರುಚಿತ್ರಕ್ಕೆ ಬರೆದದ್ದನ್ನೇ ತೆಗೆದುಕೊಂಡು, ‘ಕ್ಲೋಸಪ್’, ‘ಪ್ಯಾನ್’ ಅನ್ನೋ ಪದಗಳನ್ನು ಹೊಡೆದು ಹಾಕಿ, ಮೇಲೆ ‘360 ಡಿಗ್ರಿ’ ಅಂತ ಬರೆದಿರುತ್ತಾರೆ. ಶೂಟಿಂಗ್ ಮುಗಿಸಿ ಹೆಡ್‌ಸೆಟ್ ಹಾಕಿ ಕೂರಿಸಿದರೆ, ಅಪ್ಪ ಕುಸಿದು ಕೂರುವ ಹೊತ್ತಿಗೆ ನೋಡುಗರು ಹೆಂಚಿನ ಮೇಲಿನ ಕಾಗೆ ನೋಡುತ್ತಿರುತ್ತಾರೆ. ‘ಜನಕ್ಕೆ ನೋಡೋಕೇ ಬರಲ್ಲ’ ಅನ್ನೋ ದೂರು ಆಮೇಲೆ ಬರುತ್ತದೆ. ಕಾಗೆ ನೋಡಿದವನಿಗೂ ಅಪ್ಪನ ಕಥೆ ತಲುಪುವ ಹಾಗೆ ಸ್ಕ್ರಿಪ್ಟು ಬರೆದಿರಲೇ ಇಲ್ಲ ಅನ್ನೋದು ಯಾರಿಗೂ ಹೊಳೆಯೋದಿಲ್ಲ.

ಇಲ್ಲಿ ಒಂದೇ ದೃಶ್ಯವನ್ನು ಹಿಡಿದು ಮೊದಲಿಂದ ಕೊನೆವರೆಗೆ ತಿದ್ದೋಣ. ಹಳೆಯ ಸ್ಕ್ರಿಪ್ಟು ಹೀಗಿದೆ ಅಂದುಕೊಳ್ಳಿ:

*ಜನವರಿ. ಕಾಫಿ ಕಣದಲ್ಲಿ ರೊಬಸ್ಟಾ ಒಣಗುತ್ತಿದೆ. ಪೊನ್ನಪ್ಪ ಹಲಗೆ ಹಿಡಿದು ಹರಗುತ್ತಿದ್ದಾರೆ. ಕ್ಲೋಸಪ್: ಮಗಳು ದೇಚುವಿನ ಕೈಯಲ್ಲಿ ಬ್ಯಾಂಕಿನ ನೋಟಿಸು, ‘30 ದಿನದೊಳಗೆ’ ಎಂಬ ಸಾಲು. ಕ್ಲೋಸಪ್: ಪೊನ್ನಪ್ಪನ ಮುಖ. ಕಟ್: ಗುಡ್ಡದ ಮೇಲೆ ಕಪ್ಪು ಮೋಡ. ಎಲ್ಲರೂ ಓಡುತ್ತಾರೆ. ಕ್ಲೋಸಪ್: ಕಾಫಿ ಹಣ್ಣಿನ ಮೇಲೆ ಮೊದಲ ಹನಿ. ಕಟ್: ಜಗಲಿಯಲ್ಲಿ ಅಪ್ಪ, ಮಗಳು ಮಳೆ ನೋಡುತ್ತಾ ಕೂತಿದ್ದಾರೆ.*

ಬೇಕಾದ ಸಾಮಾನು ಕಡಿಮೆ: ಪ್ರಿಂಟ್ ಹಾಕಿದ ಸ್ಕ್ರಿಪ್ಟು, ಎರಡು ಬಣ್ಣದ ಪೆನ್ನು, ಒಂದಷ್ಟು ಬಿಳಿ ಹಾಳೆ, ಗಡಿಯಾರದ ಆ್ಯಪ್ ಇರುವ ಫೋನು, ತಿರುಗುವ ಆಫೀಸ್ ಕುರ್ಚಿ. ಕ್ಯಾಮೆರಾ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ.

## 1. ಕಣ್ಣನ್ನು ಎಳೆಯುವ ಸಾಲುಗಳಿಗೆ ಗುರುತು ಹಾಕಿ

ಸ್ಕ್ರಿಪ್ಟನ್ನು ಓದುತ್ತಾ, ‘ಇಲ್ಲಿ ನೋಡು’ ಅಂತ ನೋಡುಗನಿಗೆ ಹೇಳುವ ಪ್ರತಿ ಸಾಲಿಗೂ ಕೆಂಪು ಗೆರೆ ಎಳೆಯಿರಿ. ಕ್ಲೋಸಪ್ ಮತ್ತು ಕಟ್ ಸುಲಭವಾಗಿ ಸಿಗುತ್ತವೆ. ತಪ್ಪಿಸಿಕೊಳ್ಳೋದು ‘ಅವಳ ಕಣ್ಣಲ್ಲಿ ಒಂದು ಹನಿ’, ‘ಮೂಲೆಯಲ್ಲಿ ಬಿದ್ದ ಕೀಲಿ’ ಥರದ ಸಾಲುಗಳು. ಅವೂ ಕ್ಲೋಸಪ್ಪೇ, ಹೆಸರು ಹಾಕಿಲ್ಲ ಅಷ್ಟೇ.

ಆಮೇಲೆ ಪ್ರತಿ ಕೆಂಪು ಗೆರೆಯ ಪಕ್ಕ, ಆ ಶಾಟು ನೋಡುಗನಿಗೆ ಏನು ತಿಳಿಸುತ್ತಿತ್ತು ಅಂತ ನೀಲಿಯಲ್ಲಿ ಬರೆಯಿರಿ. ನಮ್ಮ ದೃಶ್ಯದಲ್ಲಿ ಹೀಗಾಗುತ್ತದೆ. ನೋಟಿಸು: ಸಾಲ ಕಟ್ಟೋಕೆ 30 ದಿನ ಇದೆ. ಮುಖ: ಅಪ್ಪನಿಗೆ ಪೆಟ್ಟು ಬಿತ್ತು. ಮೋಡ: ಅಕಾಲದ ಮಳೆ ಬರುತ್ತಿದೆ. ಹನಿ: ಒಣಗುತ್ತಿರುವ ಕಾಫಿ ನೆನೆಯಬಹುದು.

ಈ ನಾಲ್ಕರಲ್ಲಿ ತಪ್ಪಿದರೆ ಕಥೆಯೇ ಅರ್ಥವಾಗದಂಥವು ಯಾವುವು? ಮೊದಲ ಮೂರು. ಹನಿ ಚೆಂದ, ಆದರೆ ಅದಿಲ್ಲದಿದ್ದರೂ ನಡೆಯುತ್ತದೆ. ಕಡ್ಡಾಯವಾದವು ಒಂದು ದೃಶ್ಯಕ್ಕೆ ಮೂರಕ್ಕಿಂತ ಜಾಸ್ತಿ ಆದರೆ ದೃಶ್ಯವನ್ನೇ ಎರಡು ಮಾಡಿ.

## 2. ನೋಡುಗ ಯಾರು, ಎಲ್ಲಿ ಕೂತಿದ್ದಾನೆ

360 ವಿಡಿಯೊದಲ್ಲಿ ಕ್ಯಾಮೆರಾ ಇಟ್ಟ ಜಾಗದಲ್ಲೇ ನೋಡುಗನ ತಲೆ ಇರುತ್ತದೆ. ಅವನು ತಿರುಗಬಹುದು, ಆದರೆ ನಡೆದು ಹತ್ತಿರ ಹೋಗೋಕಾಗಲ್ಲ, ಬಗ್ಗಿ ನೋಡೋಕೂ ಆಗಲ್ಲ. ಹಾಗಾಗಿ ಮೊದಲ ಸಾಲಿನಲ್ಲೇ ನಿರ್ಧಾರ ಬರೆಯಿರಿ: ಅವನು ಯಾರಿಗೂ ಕಾಣದವನೋ, ಅಲ್ಲೇ ಇರುವ ಒಬ್ಬನೋ?

ಕಾಣದವನು ಅಂತಾದರೆ ಯಾವ ನಟರೂ ಲೆನ್ಸಿನ ಕಡೆ ನೋಡಬಾರದು. ಒಮ್ಮೆ ಕಣ್ಣಿಗೆ ಕಣ್ಣು ಸೇರಿದರೆ, ತನ್ನನ್ನು ಗುರುತಿಸಿದರು ಅಂತ ನೋಡುಗನಿಗೆ ಅನಿಸುತ್ತದೆ. ಮತ್ತೆ ಯಾರೂ ಮಾತಾಡಿಸದಿದ್ದರೆ ಅವನಿಗೆ ಕಿರಿಕಿರಿ. ನಮ್ಮ ದೃಶ್ಯಕ್ಕೆ ‘ಕಾಣದವನು’ ಸಾಕು. ಒಬ್ಬ ಪಾತ್ರ ಮಾಡೋಕೆ ಹೋದರೆ, ಮಳೆ ಬರುವಾಗ ಇವನೊಬ್ಬ ಯಾಕೆ ಟಾರ್ಪಾಲು ಹಿಡಿಯಲಿಲ್ಲ ಅನ್ನೋ ಪ್ರಶ್ನೆ ಏಳುತ್ತದೆ.

ಎತ್ತರವನ್ನೂ ಸ್ಕ್ರಿಪ್ಟಿನಲ್ಲೇ ಬರೆಯಿರಿ. ಕಣದಲ್ಲಿ ನಿಂತವರ ಕಣ್ಣಿನ ಮಟ್ಟ, ಸುಮಾರು ಒಂದೂವರೆ ಮೀಟರ್. ಜಗಲಿಯಲ್ಲಿ ಕೂತವರ ಮಟ್ಟ, ಒಂದೂಕಾಲು. ಕಾರಣ ಬರೆಯದೆ ಎತ್ತರ ಬದಲಾದರೆ ನೋಡುಗನಿಗೆ ತಾನು ಕುಳ್ಳಗಾದ ಹಾಗೆ ಇಲ್ಲವೇ ತೇಲಿದ ಹಾಗೆ ಅನಿಸುತ್ತದೆ. ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸುವುದಂತೂ ಬೇಡವೇ ಬೇಡ. ದೇಹ ಕುರ್ಚಿಯಲ್ಲಿದ್ದು ಕಣ್ಣ ಮುಂದಿನ ಲೋಕ ತಿರುಗಿದರೆ, ಭಾಗಮಂಡಲದ ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತ ಹಾಗೆ ವಾಂತಿ ಬರುತ್ತದೆ.

## 3. ಗಡಿಯಾರದ ನಕ್ಷೆ ಬರೆಯಿರಿ

ಬಿಳಿ ಹಾಳೆಯ ಮಧ್ಯೆ ಒಂದು ಚುಕ್ಕಿ ಇಡಿ. ಅದೇ ನೋಡುಗ. ಸುತ್ತ ಗಡಿಯಾರ ಬರೆದು, ದೃಶ್ಯ ಶುರುವಾದಾಗ ಅವನ ಮುಖದ ನೇರಕ್ಕೆ ಬರುವ ದಿಕ್ಕಿಗೆ 12 ಅಂತ ಹಾಕಿ. ಇನ್ನು ಮುಂದೆ ಸ್ಕ್ರಿಪ್ಟಿನಲ್ಲಿ ‘ಎಡಕ್ಕೆ’, ‘ಬಲಕ್ಕೆ’ ಅನ್ನೋ ಪದಗಳು ಬೇಡ. ನೋಡುಗ ತಿರುಗಿದ ಕೂಡಲೇ ಅವನ ಎಡಬಲ ಬದಲಾಗುತ್ತದೆ. ಗಡಿಯಾರ ಮಾತ್ರ ನೆಲಕ್ಕೆ ಅಂಟಿಕೊಂಡಿರುತ್ತದೆ.

ನಮ್ಮ ನಕ್ಷೆ: 12ಕ್ಕೆ ಪೊನ್ನಪ್ಪ, ಎರಡೂವರೆ ಮೀಟರ್ ದೂರ. 2ಕ್ಕೆ ಜಗಲಿಯ ಮೆಟ್ಟಿಲು, ಅಲ್ಲಿ ದೇಚು, ಎರಡು ಮೀಟರ್. 4ಕ್ಕೆ ಗೋಡೌನಿನ ಬಾಗಿಲು, ಅಲ್ಲಿ ಚೀಲ ಹೊಲಿಯುವ ಲಕ್ಷ್ಮಿ ಮತ್ತು ಇನ್ನಿಬ್ಬರು ಕೆಲಸದವರು, ನಾಲ್ಕು ಮೀಟರ್. 6ಕ್ಕೆ ಜೀಪಿನ ಶೆಡ್ಡಿನ ಗೋಡೆ. 10ಕ್ಕೆ ತೋಟದ ಆಚೆಗಿನ ಗುಡ್ಡ.

ಇದರ ಹಿಂದಿನ ಲೆಕ್ಕ ಹೀಗೆ. 2017ರಲ್ಲಿ ಯೂಟ್ಯೂಬ್ ತನ್ನ 360 ವಿಡಿಯೊಗಳನ್ನು ಜನ ಹೇಗೆ ನೋಡುತ್ತಾರೆ ಅಂತ ಹೇಳಿತ್ತು. ನೋಡುವ ಹೊತ್ತಿನ 75% ಎದುರಿನ 90 ಡಿಗ್ರಿಯಲ್ಲೇ ಕಳೆಯುತ್ತದಂತೆ. ಅಂದರೆ 12ರ ಅಕ್ಕಪಕ್ಕ ಒಂದೂವರೆ ಗಂಟೆಯಷ್ಟು ಜಾಗ. ಅಪ್ಪ 12ಕ್ಕೆ ನೇರವಾಗಿದ್ದಾರೆ. ಮಗಳು 2ಕ್ಕೆ ಇರೋದರಿಂದ ಆ ಜಾಗದ ಅಂಚಿನ ಸ್ವಲ್ಪ ಆಚೆ, ತಲೆ ತುಸು ತಿರುಗಿಸಿದರೆ ಸಿಗುತ್ತಾಳೆ. ಮಗಳನ್ನು ನೋಡುತ್ತಿದ್ದವನಿಗೆ ದೊಡ್ಡ ತಿರುಗು ಬೇಕಾದ್ದು ಗುಡ್ಡಕ್ಕೆ ಒಂದೇ. ಅದನ್ನು 6ಕ್ಕೆ ಇಡಲಿಲ್ಲ, ಯಾಕೆಂದರೆ ಸೋಫಾದಲ್ಲಿ ಕೂತವನಿಗೆ ಪೂರ್ತಿ ಹಿಂದೆ ತಿರುಗೋದು ಕಷ್ಟ. 6ಕ್ಕೆ ಗೋಡೆ ಇದ್ದರೆ ಇನ್ನೊಂದು ಲಾಭ: ಶೂಟಿಂಗ್ ತಂಡ ಅದರ ಹಿಂದೆ ಅಡಗಬಹುದು. ಸುತ್ತಲೂ ನೋಡುವ ಕ್ಯಾಮೆರಾದಲ್ಲಿ ನಿರ್ದೇಶಕನೂ ನಟನಾಗಿಬಿಡುತ್ತಾನೆ, ಅಡಗೋ ಜಾಗ ಸ್ಕ್ರಿಪ್ಟಿನಲ್ಲೇ ಇರಬೇಕು.

ಎರಡು ಲೆನ್ಸಿನ ಕ್ಯಾಮೆರಾಗಳಲ್ಲಿ ಎರಡು ಚಿತ್ರ ಸೇರುವ ಹೊಲಿಗೆ ಇರುತ್ತದೆ. ಲೆನ್ಸು 12 ಮತ್ತು 6ಕ್ಕೆ ಮುಖ ಮಾಡಿದ್ದರೆ ಹೊಲಿಗೆ 3 ಮತ್ತು 9ಕ್ಕೆ ಬೀಳುತ್ತದೆ. ಒಂದು ಮೀಟರಿಗಿಂತ ಹತ್ತಿರ ಬಂದವರು ಆ ಗೆರೆ ದಾಟಿದರೆ ಕೈ ತುಂಡಾಗಿ ಕಾಣಬಹುದು. ನಮ್ಮಲ್ಲಿ ಕ್ಯಾಮೆರಾವನ್ನೇ ಮೊದಲು 1ರ ಕಡೆಗೆ ತಿರುಗಿಸಿ ನಿಲ್ಲಿಸಿದರೆ ಸಾಕು. ಆಗ ಅಪ್ಪ, ಮಗಳು ಇಬ್ಬರೂ ಒಂದೇ ಲೆನ್ಸಿಗೆ ಬರುತ್ತಾರೆ. ಹೊಲಿಗೆ 4 ಮತ್ತು 10ಕ್ಕೆ ಹೋಗುತ್ತದೆ. ಅಲ್ಲಿರುವ ಗೋಡೌನು, ಗುಡ್ಡ ದೂರದವು, ಗೆರೆ ಗೊತ್ತಾಗಲ್ಲ. ನೋಡುಗನ 12 ಎಲ್ಲಿ ಅನ್ನೋದನ್ನು ಎಡಿಟಿಂಗಿನಲ್ಲಿ ಹೊಂದಿಸಿಕೊಳ್ಳಬಹುದು.

## 4. ಕ್ಲೋಸಪ್ಪನ್ನು ಕಿವಿಗೆ ವರ್ಗಾಯಿಸಿ

ಜನ ಅತಿ ಹೆಚ್ಚು ಎಡವುವ ಜಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

‘ನೋಟಿಸನ್ನು ಕ್ಯಾಮೆರಾ ಹತ್ತಿರ ಹಿಡಿದರೆ ಆಯ್ತಲ್ಲ’ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 5.7ಕೆ ಕ್ಯಾಮೆರಾದ ಚಿತ್ರ 5760 ಪಿಕ್ಸೆಲ್ ಅಗಲ. ಅದು 360 ಡಿಗ್ರಿಗೆ ಹಂಚಿಹೋಗುತ್ತದೆ, ಡಿಗ್ರಿಗೆ ಬರೀ 16 ಪಿಕ್ಸೆಲ್. ಎರಡು ಮೀಟರ್ ದೂರದಲ್ಲಿ ಹಿಡಿದ ಎ4 ಹಾಳೆ ಸುಮಾರು 6 ಡಿಗ್ರಿ ಅಗಲ ಕಾಣುತ್ತದೆ. ಅಂದರೆ ಇಡೀ ಹಾಳೆಗೆ 96 ಪಿಕ್ಸೆಲ್. ಒಂದು ಸಾಲಲ್ಲಿ ಐವತ್ತು ಅಕ್ಷರ ಇದ್ದರೆ ಅಕ್ಷರಕ್ಕೆ ಎರಡು ಪಿಕ್ಸೆಲ್ ಕೂಡ ಸಿಗಲ್ಲ. ಓದೋದು ದೂರದ ಮಾತು, ಅದು ನೋಟಿಸೋ ಮದುವೆ ಕಾಗದವೋ ಅಂತಲೂ ಗೊತ್ತಾಗಲ್ಲ. ಮುಖದ ಲೆಕ್ಕವೂ ಹಾಗೇ: ಎರಡೂವರೆ ಮೀಟರಿನಲ್ಲಿ ಸುಮಾರು 80 ಪಿಕ್ಸೆಲ್ ಎತ್ತರ, ಆರು ಮೀಟರಿನಲ್ಲಿ 34. ಎರಡೂವರೆಯಲ್ಲಿ ಮುಖದ ಭಾವ ಒಂದಿಷ್ಟು ಸಿಗುತ್ತದೆ, ಆರರಲ್ಲಿ ಮೈಕೈಯ ಚಲನೆ ಮಾತ್ರ.

ಹಾಗಾಗಿ ನೋಟಿಸು ಮಾತಾಗಬೇಕು. ಆದರೆ ಮಗಳು ಸುಮ್ನೆ ಗಟ್ಟಿಯಾಗಿ ಓದಿದರೆ ರೇಡಿಯೊ ನಾಟಕದಂತಾಗುತ್ತದೆ. ಓದೋಕೆ ಕಾರಣ ಬೇಕು. ಅಪ್ಪ ಹರಗುವ ಕೆಲಸ ಬಿಡುತ್ತಿಲ್ಲ, ಕಾರಣ ಅಲ್ಲೇ ಇದೆ:

ದೇಚು: ಅಪ್ಪಾ, ಬ್ಯಾಂಕಿಂದ ಬಂದಿದೆ.
ಪೊನ್ನಪ್ಪ: ಕೈ ಬಿಡುವಿಲ್ಲ, ನೀನೇ ಓದು.
ದೇಚು: ಬಾಕಿ ಪೂರ್ತಿ ಕಟ್ಟಬೇಕಂತೆ... 30 ದಿನ ಕೊಟ್ಟಿದ್ದಾರೆ.

ಈಗ ಅಪ್ಪನ ಮುಖ. ದೃಶ್ಯ ಶುರುವಾದಾಗಿನಿಂದ ಸಿಮೆಂಟಿನ ಕಣದ ಮೇಲೆ ಹಲಗೆ ಉಜ್ಜುವ ಗರಗರ ಸದ್ದು ನಿಲ್ಲದೆ ಕೇಳುತ್ತಿರಲಿ. ‘30 ದಿನ’ ಅಂದ ಕೂಡಲೇ ಆ ಸದ್ದು ನಿಲ್ಲಲಿ. ನೋಡುಗ ಆಗ ಕಾಗೆ ನೋಡುತ್ತಿದ್ದರೂ ಸರಿ, ಮಗಳನ್ನು ನೋಡುತ್ತಿದ್ದರೂ ಸರಿ, ಅಪ್ಪ ನಿಂತುಹೋದದ್ದು ಅವನಿಗೆ ಗೊತ್ತಾಯಿತು. ಬಹಳ ಜನ ಆ ಮೌನಕ್ಕೇ ತಿರುಗಿ ನೋಡುತ್ತಾರೆ. ತಿರುಗುವಷ್ಟು ಹೊತ್ತು ಕೊಟ್ಟ ಮೇಲೆ ಅಪ್ಪ ಹೇಳಲಿ: ‘ಕಾಫಿ ಒಣಗೋಕೇ ಇನ್ನೂ ಎಂಟು ದಿನ ಬೇಕು.’ ಅಷ್ಟೇ. ಹಲಗೆ ಮತ್ತೆ ಶುರುವಾಗುತ್ತದೆ, ಮೊದಲಿಗಿಂತ ಜೋರಾಗಿ.

ನಿಮ್ಮ ಪ್ರತಿ ಕಡ್ಡಾಯ ಕ್ಲೋಸಪ್ಪಿಗೂ ಹೀಗೆ ಒಂದು ಸದ್ದು ಹುಡುಕಿ. ಕಣದಲ್ಲಿ ಅದಕ್ಕೆ ಬರವಿಲ್ಲ. ಚೆನ್ನಾಗಿ ಒಣಗಿದ ಕಾಫಿ ಹಣ್ಣನ್ನು ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ, ಹಸಿ ಇದ್ದರೆ ಅನ್ನಲ್ಲ. ಬೆಳೆಗಾರರ ಮನೆಯಲ್ಲಿ ಬೆಳೆದವರಿಗೆ ಆ ಒಂದು ಸದ್ದೇ ಎಷ್ಟೋ ಹೇಳುತ್ತದೆ.

ಎಚ್ಚರಿಕೆ: ಸದ್ದು ‘ಯಾವ ದಿಕ್ಕಿನಿಂದ’ ಬಂತು ಅನ್ನೋದು ಸುತ್ತಲಿನ ಸದ್ದನ್ನು ದಿಕ್ಕಿನ ಸಮೇತ ಇಟ್ಟುಕೊಳ್ಳುವ ಆಂಬಿಸಾನಿಕ್ ಥರದ ಧ್ವನಿ ಇದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಮಾಮೂಲಿ ಸ್ಟೀರಿಯೊ ಸದ್ದು ತಲೆಗೆ ಅಂಟಿಕೊಂಡಿರುತ್ತದೆ, ತಲೆ ತಿರುಗಿಸಿದರೆ ಅದೂ ಜೊತೆಗೇ ತಿರುಗುತ್ತದೆ. ನಿಮ್ಮ ಬಳಿ ಅಂಥ ವ್ಯವಸ್ಥೆ ಇಲ್ಲದಿದ್ದರೆ ‘10ರಿಂದ ಗುಡುಗು’ ಅಂತ ಬರೆದು ಅದನ್ನೇ ನಂಬಬೇಡಿ. ಸದ್ದು ನಿಲ್ಲುವ ಉಪಾಯಕ್ಕೆ ಮಾತ್ರ ದಿಕ್ಕು ಬೇಕಿಲ್ಲ, ಫೋನಿನ ಸ್ಪೀಕರಲ್ಲೂ ಅದು ನಡೆಯುತ್ತದೆ.

## 5. ಹೊತ್ತು ಕೊಡಿ, ಸರದಿ ಹಾಕಿ

ಹೊಸ ಜಾಗಕ್ಕೆ ಬಂದವನು ಮೊದಲು ಸುತ್ತ ನೋಡುತ್ತಾನೆ. ಅದಕ್ಕೆ 10ರಿಂದ 20 ಸೆಕೆಂಡು ಹೋಗುತ್ತದೆ. ಆ ಹೊತ್ತಲ್ಲಿ ಕಥೆಯ ಮಾತು ಆಡಿಸಿದರೆ ಅದು ಮಣ್ಣುಪಾಲು. ಹರಗೋದು, ಚೀಲ ಹೊಲಿಯೋದು, ಲಕ್ಷ್ಮಿ ಯಾರನ್ನೋ ರೇಗಿಸೋದು ನಡೆಯಲಿ.

ಆಮೇಲೆ ಒಂದು ಸಲಕ್ಕೆ ಒಂದೇ ಮುಖ್ಯ ಸಂಗತಿ. ಗುಡ್ಡದ ಕಡೆ ತಿರುಗಿಸುವ ಸರದಿ ನೋಡಿ. ಮೊದಲು ಗುಡುಗು. ಎರಡು ಸೆಕೆಂಡು ಬಿಟ್ಟು ಪೊನ್ನಪ್ಪ ತಲೆಯೆತ್ತಿ 10ರ ಕಡೆ ನೋಡುತ್ತಾರೆ. ನಟರು ಒಂದು ಕಡೆ ನೋಡಿದರೆ ನಾವೂ ಅತ್ತ ನೋಡುತ್ತೇವೆ, ಅದು ತಡೆಯೋಕಾಗದ ಅಭ್ಯಾಸ. ಆಮೇಲೆ 4ರಿಂದ ಲಕ್ಷ್ಮಿ: ‘ಸಾವ್ಕಾರ್ರೇ, ಗುಡ್ಡವೇ ಕಾಣ್ತಿಲ್ಲ!’ ಈ ಮಾತಿಗೆ ಎರಡು ಕೆಲಸ. ತಿರುಗಿದವನಿಗೆ ಏನು ನೋಡಬೇಕು ಅಂತ ಹೇಳುತ್ತದೆ. ತಿರುಗದವನಿಗೆ ಮಳೆ ಬಂತು ಅಂತ ತಿಳಿಸುತ್ತದೆ. ಅದಾಗಿ ನಾಲ್ಕೈದು ಸೆಕೆಂಡು ಯಾರೂ ಓಡಬಾರದು. ಜನ ಕತ್ತು ತಿರುಗಿಸಿ, ಹುಡುಕಿ, ಅರ್ಥ ಮಾಡಿಕೊಳ್ಳೋಕೆ ಅಷ್ಟು ಬೇಕು. ಬರೆಯುವಾಗ ಅದು ತುಂಬಾ ಉದ್ದ ಅನಿಸುತ್ತದೆ, ಹೆಡ್‌ಸೆಟ್‌ನಲ್ಲಿ ಅನಿಸಲ್ಲ.

ಮಾಮೂಲಿ ಸಿನಿಮಾದಲ್ಲಿ ಒಂದು ಪುಟಕ್ಕೆ ಒಂದು ನಿಮಿಷ ಅನ್ನೋ ಲೆಕ್ಕ ಇದೆ ಅಲ್ವಾ, ಅದು ಇಲ್ಲಿ ಹೊಂದಲ್ಲ. ಈ ಅರ್ಧ ಪುಟದ ದೃಶ್ಯ ಎರಡು ನಿಮಿಷ ದಾಟುತ್ತದೆ.

## 6. ಬೇರೆ ಕಡೆ ನೋಡುವವನಿಗೂ ಬರೆಯಿರಿ

ಅಪ್ಪ ಮತ್ತು ಮಗಳು ಮಾತಾಡುವಾಗ 4ರಲ್ಲಿ ಏನಾಗುತ್ತಿದೆ? ‘ಕೆಲಸದವರು ಕೆಲಸ ಮಾಡುತ್ತಿದ್ದಾರೆ’ ಅಂತ ಬರೆದರೆ ಸಾಲದು. ಲಕ್ಷ್ಮಿಗೂ ‘30 ದಿನ’ ಕೇಳಿಸಿದೆ. ಅವಳು ಸೂಜಿ ನಿಲ್ಲಿಸಿ ಪಕ್ಕದವನ ಮುಖ ನೋಡುತ್ತಾಳೆ, ಮತ್ತೆ ತಲೆ ತಗ್ಗಿಸಿ ಹೊಲಿಯುತ್ತಾಳೆ. ಆ ಕಡೆ ನೋಡಿದವನಿಗೆ ಅದೇ ಕಥೆ ಇನ್ನೊಂದು ಬದಿಯಿಂದ ಸಿಕ್ಕಿತು.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಹಿಂದಿನ ದಿಕ್ಕನ್ನು ಪೂರ್ತಿ ಸತ್ತ ಜಾಗ ಮಾಡೋದು. ಇನ್ನೊಂದು, ಅಲ್ಲಿ ಕಥೆಗೆ ಸಂಬಂಧವೇ ಇಲ್ಲದ ತಮಾಷೆ ಇಡೋದು. ಎರಡನೆಯದೇ ಹೆಚ್ಚು ಕೆಟ್ಟದ್ದು. 6ಕ್ಕೆ ಮಲಗಿದ ನಾಯಿ ಇರಲಿ, ಪರವಾಗಿಲ್ಲ. ಅದು ಎದ್ದು ಕೋಳಿ ಅಟ್ಟಿಸಿಕೊಂಡು ಹೋದರೆ ಬ್ಯಾಂಕು, ಸಾಲ, ಅಪ್ಪ ಎಲ್ಲರನ್ನೂ ಜನ ಮರೆಯುತ್ತಾರೆ. ನಾಯಿಯನ್ನು ಕಟ್ಟಿಹಾಕಿ. ಬಂದು ಲೆನ್ಸ್ ಮೂಸಿದರೆ ಇಡೀ ಟೇಕು ಹೋದಂತೆ.

ತಿದ್ದಿದ ಸ್ಕ್ರಿಪ್ಟು ಈಗ ಹೀಗೆ ಕಾಣುತ್ತದೆ:

0:00–0:20. ಕಣ. ನೋಡುಗ ಕಾಣದವನು, ನಿಂತ ಎತ್ತರ. 12: ಪೊನ್ನಪ್ಪ ಹರಗುತ್ತಾರೆ, ಸದ್ದು ನಿಲ್ಲದೆ. 2: ದೇಚು ಮೆಟ್ಟಿಲಲ್ಲಿ, ಕೈಯಲ್ಲಿ ಒಡೆಯದ ಲಕೋಟೆ. 4: ಲಕ್ಷ್ಮಿ ಚೀಲ ಹೊಲಿಯುತ್ತಾಳೆ, ಹರಟೆ. 10: ಗುಡ್ಡ, ಮೋಡ ಕಟ್ಟುತ್ತಿದೆ.

0:20–1:00. 2: ಲಕೋಟೆ ಹರಿಯುವ ಸದ್ದು. ದೇಚು ಮಾತು. 12: ‘30 ದಿನ’ಕ್ಕೆ ಹಲಗೆ ನಿಲ್ಲುತ್ತದೆ, ನಾಲ್ಕು ಸೆಕೆಂಡು ಮೌನ. 4: ಸೂಜಿ ನಿಲ್ಲುತ್ತದೆ, ಹರಟೆ ಇಲ್ಲ. 12: ‘ಎಂಟು ದಿನ ಬೇಕು.’ ಹಲಗೆ ಮತ್ತೆ ಶುರು.

1:00–1:20. 10: ಗುಡುಗು. 12: ಪೊನ್ನಪ್ಪ ಅತ್ತ ನೋಡುತ್ತಾರೆ. 4: ‘ಗುಡ್ಡವೇ ಕಾಣ್ತಿಲ್ಲ!’ ಎಲ್ಲರೂ ನಿಂತಲ್ಲೇ.

1:20–2:10. 4ರಿಂದ 12ಕ್ಕೆ ಟಾರ್ಪಾಲು ಹೊತ್ತು ಓಟ, ಕ್ಯಾಮೆರಾದಿಂದ ಎರಡು ಮೀಟರ್ ಆಚೆ. ಕಾಫಿ ಗುಡ್ಡೆ ಹಾಕುವ ಗದ್ದಲ. ದೇಚು ನೋಟಿಸನ್ನು ಮೆಟ್ಟಿಲಲ್ಲೇ ಬಿಟ್ಟು ಓಡುತ್ತಾಳೆ. ಕೊನೆಯ ಟಾರ್ಪಾಲು ಮುಚ್ಚಿ ಎಲ್ಲರೂ 2ರ ಕಡೆ, ಜಗಲಿಗೆ.

ಮೊದಲ ಹನಿಯ ಕ್ಲೋಸಪ್ ಬಿಟ್ಟುಹೋಯಿತು, ಗಮನಿಸಿ. ಅದನ್ನು ಉಳಿಸಲೇಬೇಕು ಅಂತ ಹಟ ಹಿಡಿದರೆ ಕ್ಯಾಮೆರಾದ ಮೇಲೂ ಹನಿ ಬೀಳುತ್ತದೆ. ಉಬ್ಬಿದ ಲೆನ್ಸಿನ ಮೇಲೆ ಬಿದ್ದ ಒಂದು ಹನಿ, ನೋಡುಗನಿಗೆ ಲೋಕದ ಒಂದು ಭಾಗವನ್ನೇ ಮಸುಕು ಮಾಡುತ್ತದೆ. ಹಾಗಾಗಿ ಮಳೆ ಕಣಕ್ಕೆ ತಲುಪುವ ಮುಂಚೆಯೇ ದೃಶ್ಯ ಮುಗಿಯುವ ಹಾಗೆ ಬರೆದಿದೆ.

ಗುಡ್ಡದ ಮೋಡಕ್ಕೂ ದಾರಿ ಇದೆ. ಕ್ಯಾಮೆರಾ ಅಲ್ಲಾಡದ ಕಾರಣ, ಅದೇ ಜಾಗದಲ್ಲಿ ಮೋಡ ಕವಿದ ಬೇರೊಂದು ದಿನ ತೆಗೆದ ಚಿತ್ರದಿಂದ 10ರ ಭಾಗವನ್ನಷ್ಟೇ ಕತ್ತರಿಸಿ ಅಂಟಿಸಬಹುದು. ಅದಕ್ಕೆ ಟ್ರೈಪಾಡ್ ನಿಂತ ಜಾಗಕ್ಕೆ ಬಣ್ಣದ ಗುರುತು ಹಾಕಿಡಿ. ಗುಡ್ಡದ ಮುಂದೆ ಯಾರೂ ಓಡಾಡದ ಹಾಗೆ ಬರೆದಿರೋದೂ ಇದೇ ಕಾರಣಕ್ಕೆ. ಬಿಸಿಲಿನ ಲೆಕ್ಕ ಮಾತ್ರ ತಪ್ಪಬಾರದು: ಕಣದಲ್ಲಿ ಚುರುಕು ನೆರಳು ಬಿದ್ದಿದ್ದರೆ ಕಪ್ಪು ಗುಡ್ಡ ಸುಳ್ಳು ಅನಿಸುತ್ತದೆ. ಮಂಕು ಬೆಳಕಿನ ದಿನ ನೋಡಿ ಶೂಟ್ ಮಾಡಿ.

## 7. ಕಟ್ಟಿಗೆ ಎರಡು ದಿಕ್ಕು ಬರೆಯಿರಿ

ಪ್ರತಿ ಕಟ್ಟಿನ ಹತ್ತಿರ, ಬಹಳ ಜನ ಆ ಕ್ಷಣ ಎತ್ತ ನೋಡುತ್ತಿರುತ್ತಾರೆ ಮತ್ತು ಮುಂದಿನ ದೃಶ್ಯದ ಮುಖ್ಯ ಸಂಗತಿ ಎಲ್ಲಿದೆ ಅಂತ ಬರೆಯಿರಿ. ಗೂಗಲ್‌ನಲ್ಲಿ ವಿಆರ್ ಚಿತ್ರ ಮಾಡುತ್ತಿದ್ದ ಜೆಸಿಕಾ ಬ್ರಿಲ್‌ಹಾರ್ಟ್ ಜನಪ್ರಿಯ ಮಾಡಿದ ಕ್ರಮ ಇದು. ಎರಡೂ ದಿಕ್ಕು ಒಂದೇ ಇರಬೇಕು, ಇಲ್ಲದಿದ್ದರೆ ಎಡಿಟಿಂಗಿನಲ್ಲಿ ಎರಡನೇ ದೃಶ್ಯವನ್ನು ತಿರುಗಿಸಿ ಹೊಂದಿಸಬೇಕು.

ನಮ್ಮಲ್ಲಿ ಎಲ್ಲರೂ 2ರ ಕಡೆ ಓಡಿದ್ದಾರೆ, ನೋಡುಗನ ಕಣ್ಣೂ ಅತ್ತಲೇ. ಹಾಗಾಗಿ ‘ಹೊರಗೆ 2, ಒಳಗೆ 2’. ಜಗಲಿಯಲ್ಲಿ ಅಪ್ಪ ಮತ್ತು ಮಗಳು ಕೂತದ್ದು ಅದೇ ದಿಕ್ಕಿಗೆ ಬರಲಿ. ಇಲ್ಲಿ ಕ್ಯಾಮೆರಾ ಸೂರಿನ ಕೆಳಗೆ, ನೆನೆಯಲ್ಲ. ಹೊರಗೆ ಟಾರ್ಪಾಲು ಮುಚ್ಚಿದ ಗುಡ್ಡೆಗಳು ಮಾತ್ರ ಕಾಣೋದರಿಂದ ಕಾಫಿ ಬೇಕಿಲ್ಲ. ಏಪ್ರಿಲ್ ಮಳೆಯಲ್ಲೂ ಇದನ್ನು ತೆಗೆಯಬಹುದು. ಮೆಟ್ಟಿಲಲ್ಲಿ ಬಿಟ್ಟ ನೋಟಿಸು ನೆನೆದದ್ದು ಯಾರಿಗೂ ಕಾಣಲ್ಲ. ದೇಚು ‘ಅಯ್ಯೋ, ಕಾಗದ!’ ಅಂತ ಏಳಲಿ, ಪೊನ್ನಪ್ಪ ‘ಬಿಡು’ ಅನ್ನಲಿ.

## 8. ಕುರ್ಚಿ ಪರೀಕ್ಷೆ

ಸ್ಕ್ರಿಪ್ಟು ಓದದ ಒಬ್ಬರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ. ಗೆಳೆಯರು ನಕ್ಷೆಯಂತೆ ಸುತ್ತ ನಿಂತು, ಸಮಯ ಹಿಡಿದು ದೃಶ್ಯ ಆಡಲಿ. ಹೆಡ್‌ಸೆಟ್ಟಿನ ನೋಟ ಕಿರಿದು, ಹಾಗಾಗಿ ಕೂತವರು ಎರಡೂ ಕೈಯನ್ನು ಕಣ್ಣಿನ ಪಕ್ಕ ಅಡ್ಡ ಹಿಡಿಯಲಿ. ನೀವು ಗೋಡೆಗೊರಗಿ, ಅವರು ಯಾವಾಗ ಯಾವ ಗಂಟೆಯ ಕಡೆ ತಿರುಗಿದರು ಅಂತಷ್ಟೇ ಬರೆದುಕೊಳ್ಳಿ.

ಎರಡನೇ ಸುತ್ತಿಗೆ ಹೊಸಬರನ್ನು ಕರೆದು, ಪೂರ್ತಿ 6ರ ಗೋಡೆಯನ್ನೇ ನೋಡುತ್ತಾ ಕೂರೋಕೆ ಹೇಳಿ. ಮುಗಿದ ಮೇಲೆ ‘ಏನಾಯ್ತು?’ ಅಂತ ಕೇಳಿ. ಸಾಲದ ಗಡುವು, ಅಪ್ಪನಿಗೆ ಬಿದ್ದ ಪೆಟ್ಟು, ಮಳೆ ಮೂರೂ ಬಂದರೆ ಸ್ಕ್ರಿಪ್ಟು ನಿಂತಿತು. ಯಾವುದು ಬರಲಿಲ್ಲವೋ ಆ ಸಂಗತಿ ಇನ್ನೂ ಕಣ್ಣಿಗೇ ಬರೆದದ್ದಾಗಿದೆ, 4ನೇ ಹಂತಕ್ಕೆ ವಾಪಸ್ ಹೋಗಿ.

ಕೆಲವು ಲಕ್ಷಣಗಳಿಗೆ ಕಣ್ಣಿಡಿ. ಕೂತವರು ಪಿಂಗ್‌ಪಾಂಗ್ ನೋಡುವ ಹಾಗೆ ಅತ್ತಿತ್ತ ತಲೆ ಆಡಿಸುತ್ತಿದ್ದರೆ ಮಾತಾಡುವ ಇಬ್ಬರ ನಡುವೆ ಅಂತರ ಜಾಸ್ತಿಯಾಗಿದೆ, 60 ಡಿಗ್ರಿಯೊಳಗೆ ತನ್ನಿ. ‘ಏನೋ ತಪ್ಪಿಹೋಯ್ತು ಅನ್ನಿಸ್ತು’ ಅಂದರೆ ಒಂದೇ ಹೊತ್ತಿಗೆ ಎರಡು ಮುಖ್ಯ ಸಂಗತಿ ಇಟ್ಟಿದ್ದೀರಿ. ಒಮ್ಮೆಯೂ ತಿರುಗದೆ 12ನ್ನೇ ನೋಡಿ ಎದ್ದು ಹೋದರೆ, ಈ ದೃಶ್ಯಕ್ಕೆ ವಿಆರ್ ಬೇಕಿರಲಿಲ್ಲ. ಮಾಮೂಲಿ ಕ್ಯಾಮೆರಾದಲ್ಲೇ ತೆಗೆಯಿರಿ, ನೋಟಿಸಿನ ಕ್ಲೋಸಪ್ಪೂ ಸಿಗುತ್ತದೆ.